ರಿಜಿಸ್ಟರ್‌ನಲ್ಲಿ ‘ಕ್ಲೋಸ್ಡ್’ ಅಂತಿದೆ, ನಂಬಬಹುದಾ?

ಪ್ರಶ್ನೆ: ನಾನು ಪೀಣ್ಯದ ಒಂದು ಫ್ಯಾಬ್ರಿಕೇಷನ್ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವಳು. ಈ ಸಲ ಸುರಕ್ಷತೆ ಮತ್ತು ಪರಿಸರದ ಇಂಟರ್ನಲ್ ಆಡಿಟ್ ನನಗೆ ವಹಿಸಿದ್ದಾರೆ. ರಿಜಿಸ್ಟರ್‌ನಲ್ಲಿ ಸರಿಪಡಿಸುವ ಕ್ರಮಗಳೆಲ್ಲ ‘ಕ್ಲೋಸ್ಡ್’ ಅಂತಿವೆ. ಅದು ನಿಜವಾ ಅಂತ ಹೇಗೆ ನೋಡಲಿ?

ಉತ್ತರ: ರಿಜಿಸ್ಟರನ್ನು ಪಕ್ಕಕ್ಕಿಟ್ಟು, ಒಂದೇ ಒಂದು ಘಟನೆ ಹಿಡಿದುಕೊಂಡು ಶಾಪ್ ಫ್ಲೋರ್‌ಗೆ ಹೋಗಿ.

ನಾನು ಆಡಿಟ್ ಮಾಡಿದ ಒಂದು ಘಟಕದಲ್ಲಿ ವೆಲ್ಡಿಂಗ್ ಕಿಡಿ ಬಿದ್ದು ಎಣ್ಣೆ ಹತ್ತಿದ ಕಾಟನ್ ವೇಸ್ಟ್‌ಗೆ ಬೆಂಕಿ ಹತ್ತಿತ್ತು. ‘ಫೈರ್ ಬ್ಲಾಂಕೆಟ್ ಕೊಡಲಾಗಿದೆ, ತರಬೇತಿ ಆಗಿದೆ’ ಎಂದು ಬರೆದು ಒಂಬತ್ತೇ ದಿನಕ್ಕೆ ಮುಗಿಸಿದ್ದರು. ಬಿಲ್ಲೂ ಇತ್ತು, ಸಹಿಗಳೂ ಇದ್ದವು. ಬ್ಲಾಂಕೆಟ್ ಮಾತ್ರ ಸ್ಟೋರ್‌ನಲ್ಲಿ ಪ್ಯಾಕೆಟ್ ಕೂಡ ಒಡೆಯದೆ ಕೂತಿತ್ತು.

ಆಮೇಲೆ ವೆಲ್ಡಿಂಗ್‌ನಂಥ ಕಿಡಿ ಹಾರುವ ಕೆಲಸಕ್ಕೆ ಮೊದಲೇ ಪಡೆಯಬೇಕಾದ ಲಿಖಿತ ಅನುಮತಿ, ಅಂದರೆ ಹಾಟ್ ವರ್ಕ್ ಪರ್ಮಿಟ್ ನೋಡಿದೆ. ಇಲ್ಲೊಂದು ಮಾತು: ಪರ್ಮಿಟ್ ಫೈಲ್‌ನಿಂದಲೇ ಶುರು ಮಾಡಬೇಡಿ. ಪರ್ಮಿಟ್ ಇಲ್ಲದೆ ಆದ ಕೆಲಸ ಆ ಫೈಲ್‌ನಲ್ಲಿ ಸಿಗೋದೇ ಇಲ್ಲ ಅಲ್ವಾ? ಗೇಟ್ ಪುಸ್ತಕದಲ್ಲಿ ವೆಲ್ಡಿಂಗ್ ಕಂಟ್ರಾಕ್ಟರ್ ಯಾವ ಯಾವ ದಿನ ಬಂದ ಅಂತ ಬರೆದುಕೊಳ್ಳಿ. ಆ ದಿನಗಳ ಪರ್ಮಿಟ್ ಕೇಳಿ. ಅಲ್ಲಿ ಹತ್ತು ದಿನದಲ್ಲಿ ಮೂರಕ್ಕೆ ಪರ್ಮಿಟ್ಟೇ ಇರಲಿಲ್ಲ. ಇದ್ದ ಒಂದರಲ್ಲಿ, ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಕಾವಲಿದ್ದು 5.30ಕ್ಕೆ ಮುಗಿಸಿದೆ ಎಂದು ಸಹಿ ಇತ್ತು. ಆ ಸಹಿ ಹಾಕಿದವನ ಹಾಜರಿ ಪಂಚ್ ನೋಡಿದರೆ, 5.10ಕ್ಕೇ ಹೊರಟಿದ್ದ.

ಗಾಯದ ದಾಖಲೆಗೂ ಇದೇ ದಾರಿ. ಪ್ರಥಮ ಚಿಕಿತ್ಸೆ ಪುಸ್ತಕದಲ್ಲಿರುವ ಹೆಸರನ್ನು ಮರುದಿನಗಳ ಹಾಜರಿಯಲ್ಲಿ ಹುಡುಕಿ. ಗಾಯದಿಂದ 48 ಗಂಟೆ ಅಥವಾ ಅದಕ್ಕೂ ಜಾಸ್ತಿ ಹೊತ್ತು ಕೆಲಸಕ್ಕೆ ಬರಲಾಗದಿದ್ದರೆ ಕಾರ್ಖಾನೆ ಇಲಾಖೆಗೆ ತಿಳಿಸಲೇಬೇಕು. ‘ಚಿಕ್ಕ ಗಾಯ’ ಅಂತ ಬರೆದು, ಮೂರು ದಿನ ರಜೆ ಹಾಕಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಇನ್ನು ಆ ಕಾಟನ್ ವೇಸ್ಟ್. ಎಣ್ಣೆ ಹತ್ತಿದ ಬಟ್ಟೆ, ಕಾಟನ್ ವೇಸ್ಟ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ, ವರ್ಗ 33.2. ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಅನುಮತಿ ಪತ್ರದಲ್ಲಿ ಆ ವರ್ಗ, ಪ್ರಮಾಣ ಇದೆಯಾ ನೋಡಿ. ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ಕಾರ್ಖಾನೆಯ ಅಪಾಯಕಾರಿ ತ್ಯಾಜ್ಯ ಬರೆದಿಡುವ ಫಾರಂ 3ರ ಲೆಕ್ಕವನ್ನೂ, ತ್ಯಾಜ್ಯ ಸಾಗಿಸುವಾಗ ಜೊತೆಗೆ ಹೋಗುವ ಫಾರಂ 10ನ್ನೂ ತಾಳೆ ಹಾಕಿ. ಆ ಘಟಕದಲ್ಲಿ ತಿಂಗಳು ತಿಂಗಳೂ ಕಾಟನ್ ವೇಸ್ಟ್ ಖರೀದಿ ಇತ್ತು, ಫಾರಂ 3ರಲ್ಲಿ ಮಾತ್ರ ಸೊನ್ನೆ. ಕೊಂಡಿದ್ದೆಲ್ಲ ಯಂತ್ರಗಳ ಹಿಂದೆ ಬಿದ್ದಿತ್ತು. ಬೆಂಕಿಗೆ ಅದೇ ಕಾರಣ. ಸರಿಪಡಿಸುವ ಕ್ರಮದಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಹಾಗಾಗಿ ಆ ಕ್ರಮವನ್ನು ಮತ್ತೆ ತೆರೆಸಿದೆ. ವೆಲ್ಡಿಂಗ್ ಜಾಗದ ಪಕ್ಕ ಮುಚ್ಚಳದ ಲೋಹದ ಡಬ್ಬಿ, ದಿನಾ ಸಂಜೆ ಖಾಲಿ ಮಾಡುವವರ ಹೆಸರು, ಅದರ ತೂಕ ಫಾರಂ 3ಕ್ಕೆ. ಮೂರು ತಿಂಗಳ ನಂತರ ಇನ್ನೊಮ್ಮೆ ಗೇಟ್ ಪುಸ್ತಕದಿಂದ ಹತ್ತು ದಿನ ಆರಿಸಿ ಪರ್ಮಿಟ್ ನೋಡಿ, ಯಂತ್ರದ ಹಿಂದೆ ಬಗ್ಗಿ ನೋಡಿ, ಆಮೇಲೆ ಸಹಿ ಹಾಕಿದೆ. ನೀವೂ ‘ತರಬೇತಿ ಆಗಿದೆ’ ಅನ್ನೋ ಒಂದೇ ಸಾಲಿಗೆ ಸಹಿ ಹಾಕಬೇಡಿ.