ಮಾಹಿತಿ ಸೋರಿಕೆಯ ಸೂಚನೆ ಬಂದ ಮೇಲೆ ಯಾವ ಪಾಸ್‌ವರ್ಡ್ ಮೊದಲು ಬದಲಿಸಬೇಕು?

ಪ್ರಶ್ನೆ: ನಾನು ಖಾತೆ ಹೊಂದಿರುವ ಒಂದು ಶಾಪಿಂಗ್ ಜಾಲತಾಣದಿಂದ ಗ್ರಾಹಕರ ಇಮೇಲ್ ವಿಳಾಸ ಮತ್ತು ಪಾಸ್‌ವರ್ಡ್‌ಗಳು ಸೋರಿಕೆಯಾಗಿವೆ ಎಂಬ ಸೂಚನೆ ಬಂದಿದೆ. ಅದೇ ಪಾಸ್‌ವರ್ಡನ್ನು ಸ್ವಲ್ಪ ಬದಲಿಸಿ ಇಮೇಲ್ ಸೇರಿದಂತೆ ಹಲವು ಕಡೆ ಬಳಸಿದ್ದೇನೆ. ಯಾವುದರಿಂದ ಶುರು ಮಾಡಲಿ?

ಉತ್ತರ: ಇಮೇಲ್‌ನಿಂದ ಶುರು ಮಾಡಿ, ಸೋರಿಕೆಯಾದ ಶಾಪಿಂಗ್ ತಾಣದ ಸರದಿ ಅದರ ನಂತರ. ನಿಮ್ಮ ಉಳಿದ ಬಹುತೇಕ ಖಾತೆಗಳಲ್ಲಿ 'ಪಾಸ್‌ವರ್ಡ್ ಮರೆತಿರಾ' ಎಂಬುದನ್ನು ಒತ್ತಿದರೆ ಹೊಸ ಪಾಸ್‌ವರ್ಡ್ ಇಡುವ ಕೊಂಡಿ ಬಂದು ಬೀಳುವುದು ಇಮೇಲ್‌ಗೇ. ಆದ್ದರಿಂದ ಇಮೇಲ್ ಪರರ ಕೈಯಲ್ಲಿದ್ದರೆ, ನೀವು ಬೇರೆಡೆ ಎಷ್ಟೇ ಗಟ್ಟಿಯಾದ ಪಾಸ್‌ವರ್ಡ್ ಇಟ್ಟರೂ ಅವರು ಅದನ್ನು ಮತ್ತೆ ಬದಲಿಸಬಲ್ಲರು. ಯಾವ ಖಾತೆಯ ಮೂಲಕ ಯಾವುದನ್ನು ತೆರೆಯಬಹುದು ಎಂಬುದೇ ಇಲ್ಲಿ ಕ್ರಮವನ್ನು ನಿರ್ಧರಿಸುತ್ತದೆ.

'ಸ್ವಲ್ಪ ಬದಲಿಸಿ' ಎಂದು ನೀವು ಬರೆದಿರುವುದೇ ನನಗೆ ಹೆಚ್ಚು ಆತಂಕ ತರುವ ಸಂಗತಿ. ಶಾಪಿಂಗ್ ತಾಣದಲ್ಲಿ `Nadi@2021` ಎಂದೂ ಇಮೇಲ್‌ನಲ್ಲಿ `Nadi@2023` ಎಂದೂ ಇಟ್ಟಿದ್ದೀರಿ ಎಂದುಕೊಳ್ಳೋಣ. ಕದ್ದ ಪಟ್ಟಿ ಕೈಗೆ ಸಿಕ್ಕವರು ಅದರಲ್ಲಿನ ಇಮೇಲ್ ಮತ್ತು ಪಾಸ್‌ವರ್ಡ್ ಜೋಡಿಯನ್ನು ಸ್ವಯಂಚಾಲಿತ ತಂತ್ರಾಂಶದಿಂದ ಬೇರೆ ಬೇರೆ ಸೇವೆಗಳಲ್ಲಿ ಹಾಕಿ ನೋಡುತ್ತಾರೆ. ಇಸವಿಯನ್ನು ಬದಲಿಸುವುದು, ಕೊನೆಗೊಂದು ಅಂಕಿ ಸೇರಿಸುವುದು, ಮೊದಲ ಅಕ್ಷರವನ್ನು ದೊಡ್ಡದಾಗಿಸುವುದು ಇವೆಲ್ಲ ಅಂಥ ತಂತ್ರಾಂಶಗಳಿಗೆ ಮೊದಲೇ ಕಲಿಸಿಟ್ಟ ನಿಯಮಗಳು. ಹಾಗಾಗಿ ಒಂದೇ ಅಚ್ಚಿನ ಪಾಸ್‌ವರ್ಡ್‌ಗಳೆಲ್ಲವೂ ಸೋರಿಕೆಯಾಗಿವೆ ಎಂದೇ ಲೆಕ್ಕ ಹಾಕಿ. ಪಾಸ್‌ವರ್ಡ್‌ಗಳನ್ನು 'ಹ್ಯಾಶ್' ರೂಪದಲ್ಲಿ, ಅಂದರೆ ನೇರವಾಗಿ ಓದಲಾಗದಂತೆ ಗಣಿತದ ಸೂತ್ರದಿಂದ ಬದಲಿಸಿ, ಇಟ್ಟಿದ್ದೆವು ಎಂದು ಸೂಚನೆಯಲ್ಲಿದ್ದರೂ ನಿಶ್ಚಿಂತರಾಗಬೇಡಿ. ದುರ್ಬಲ ವಿಧಾನ ಬಳಸಿದ್ದರೆ ಇಂಥ ಊಹಿಸಬಹುದಾದ ಪಾಸ್‌ವರ್ಡ್‌ಗಳು ಬಹುಬೇಗ ಬಯಲಾಗುತ್ತವೆ.

ಸೂಚನೆಯಲ್ಲಿರುವ ಕೊಂಡಿಯನ್ನು ಮಾತ್ರ ಒತ್ತಬೇಡಿ. ಸೋರಿಕೆಯ ಸುದ್ದಿಯನ್ನೇ ನೆಪ ಮಾಡಿಕೊಂಡು ನಕಲಿ ಸೂಚನೆ ಕಳುಹಿಸುವವರಿದ್ದಾರೆ. ವಿಳಾಸವನ್ನು ನೀವೇ ಟೈಪ್ ಮಾಡಿ ಒಳಹೋಗಿ.

ಇಮೇಲ್‌ನಲ್ಲಿ ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿಸಿ. ಖಾತೆ ಮರಳಿ ಪಡೆಯಲು ಕೊಟ್ಟಿರುವ ಮೊಬೈಲ್ ಸಂಖ್ಯೆ ಮತ್ತು ಪರ್ಯಾಯ ಇಮೇಲ್ ನಿಮ್ಮವೇ ಎಂದು ಖಚಿತಪಡಿಸಿಕೊಳ್ಳಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್‌ಗಳನ್ನು ತೆರೆದು ನೋಡಿ. ಒಳನುಗ್ಗಿದವರು ನಿಮ್ಮ ಪತ್ರಗಳ ಪ್ರತಿ ತಮ್ಮ ವಿಳಾಸಕ್ಕೆ ಹೋಗುವಂತೆ, ಅಥವಾ 'ಪಾಸ್‌ವರ್ಡ್' ಎಂಬ ಪದವಿರುವ ಪತ್ರಗಳು ನಿಮ್ಮ ಕಣ್ಣಿಗೆ ಬೀಳದೆ ನೇರವಾಗಿ ಕಸದ ಬುಟ್ಟಿಗೆ ಸೇರುವಂತೆ ನಿಯಮ ಬರೆದಿಟ್ಟಿರಬಹುದು. ಪಾಸ್‌ವರ್ಡ್ ಬದಲಾದರೂ ಆ ನಿಯಮ ಹಾಗೆಯೇ ಉಳಿಯುತ್ತದೆ. ಕೊನೆಗೆ ಎರಡು ಹಂತದ ದೃಢೀಕರಣವನ್ನು ಚಾಲೂ ಮಾಡಿ.

ಎಲ್ಲ ಪಾಸ್‌ವರ್ಡ್‌ಗಳನ್ನು ಒಂದೆಡೆ ಕಾಪಿಡುವ ಪಾಸ್‌ವರ್ಡ್ ಮ್ಯಾನೇಜರ್ ಬಳಸುತ್ತಿದ್ದು ಅದರ ಮುಖ್ಯ ಪಾಸ್‌ವರ್ಡ್ ಕೂಡ ಇದೇ ಅಚ್ಚಿನದಾಗಿದ್ದರೆ, ಇಮೇಲ್ ಆದ ಕೂಡಲೇ ಅದನ್ನು ಬದಲಿಸಿ. ಬಳಿಕ ಶಾಪಿಂಗ್ ತಾಣಕ್ಕೆ ಹೋಗಿ, ಅಲ್ಲಿ ಉಳಿಸಿಟ್ಟ ಕಾರ್ಡಿನ ವಿವರವನ್ನೂ ಅಳಿಸಿಹಾಕಿ. ಅದರ ಹಿಂದೆಯೇ ಬ್ಯಾಂಕ್ ಮತ್ತು ಹಣ ಪಾವತಿಯ ಖಾತೆಗಳು ಬರಲಿ. ಬ್ಯಾಂಕ್ ಮೊದಲಲ್ಲವೇ ಎಂದು ಹಲವರು ಕೇಳುತ್ತಾರೆ. ಬ್ಯಾಂಕಿನ ಪಾಸ್‌ವರ್ಡ್ ಸೋರಿದ ಪಾಸ್‌ವರ್ಡೇ ಆಗಿದ್ದರೆ ಇಮೇಲ್ ಮುಗಿದ ಮರುಕ್ಷಣವೇ ಅದನ್ನು ಬದಲಿಸಿ. ಆದರೆ ಬ್ಯಾಂಕುಗಳು ಸಾಮಾನ್ಯವಾಗಿ ಕೆಲವು ತಪ್ಪು ಪ್ರಯತ್ನಗಳ ನಂತರ ಖಾತೆಯನ್ನು ತಡೆಹಿಡಿಯುವುದರಿಂದ ಮತ್ತು ಒಟಿಪಿ ಕೇಳುವುದರಿಂದ, ರಕ್ಷಣೆಯಿಲ್ಲದ ಇಮೇಲ್‌ನಷ್ಟು ಸುಲಭವಾಗಿ ಅವು ಕೈಜಾರುವುದಿಲ್ಲ. ಸಾಮಾಜಿಕ ಜಾಲತಾಣಗಳು ಆಮೇಲೆ, ಉಳಿದವು ನಿಧಾನವಾಗಿ.

ನಿಮ್ಮ ಇಮೇಲ್ ಪಾಸ್‌ವರ್ಡ್ ಸಂಪೂರ್ಣ ಬೇರೆಯಾಗಿದ್ದು ಎರಡು ಹಂತದ ದೃಢೀಕರಣವೂ ಇದ್ದಿದ್ದರೆ, ಶಾಪಿಂಗ್ ತಾಣದಿಂದಲೇ ಶುರು ಮಾಡಿ ಎಂದು ಹೇಳುತ್ತಿದ್ದೆ.

ಸೂಚನೆಯಲ್ಲಿ ಕಳವಾದ ದಿನಾಂಕವನ್ನೂ ಹುಡುಕಿ, ಏಕೆಂದರೆ ಸೂಚನೆ ಬಂದ ದಿನ ಬೇರೆ, ಕಳವಾದ ದಿನ ಬೇರೆ. ಲಿಂಕ್ಡ್‌ಇನ್‌ನಿಂದ 2012ರಲ್ಲಿ ಕಳವಾದ 10 ಕೋಟಿಗೂ ಹೆಚ್ಚು ಖಾತೆಗಳ ವಿವರ ಮಾರಾಟಕ್ಕೆ ಬಂದದ್ದು 2016ರಲ್ಲಿ. ಅಂದರೆ ಈಗಿನ ಪಾಸ್‌ವರ್ಡ್ ಒಂದನ್ನೇ ನೋಡಿದರೆ ಸಾಲದು. ಕಳವಾದಾಗ ನೀವು ಬಳಸುತ್ತಿದ್ದ ಪಾಸ್‌ವರ್ಡ್ ಇಂದಿಗೂ ಎಲ್ಲೆಲ್ಲಿ ಉಳಿದಿದೆ ಎಂದು ನೋಡಬೇಕು. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳ ಪಟ್ಟಿ ಇದಕ್ಕೆ ನೆರವಾಗುತ್ತದೆ.

ಈ ನಡುವೆ ನೀವು ಕೇಳದೆಯೇ ಯಾವುದಾದರೂ ಖಾತೆಯ ಒಟಿಪಿ ಬಂದರೆ, ಅದು ಪಾಸ್‌ವರ್ಡ್ ಸರಿಯಾದ ಮೇಲಷ್ಟೇ ಒಟಿಪಿ ಕಳುಹಿಸುವ ಸೇವೆಯಾಗಿದ್ದಲ್ಲಿ, ಅಲ್ಲಿನ ಪಾಸ್‌ವರ್ಡ್ ಈಗಾಗಲೇ ಬೇರೆಯವರಿಗೆ ತಿಳಿದಿದೆ ಎಂದರ್ಥ. ಆ ಒಟಿಪಿಯನ್ನು ಯಾರು ಕೇಳಿದರೂ ಹೇಳದೆ, ಸರದಿಯನ್ನು ಬದಿಗಿಟ್ಟು ಆ ಖಾತೆಯನ್ನೇ ಮೊದಲು ಸರಿಪಡಿಸಿ.