ಹುಬ್ಬಳ್ಳಿಯ ಅಕ್ಷಾಂಶ ವೃತ್ತ ಎಷ್ಟು ಚಿಕ್ಕದು?

"ಹುಬ್ಬಳ್ಳಿ 15 ಡಿಗ್ರಿ ಮೇಲಿದೆ, 90ರಲ್ಲಿ ಆರನೇ ಒಂದು ಪಾಲು. ಹಾಗಾದ್ರೆ ಇಲ್ಲಿನ ಅಕ್ಷಾಂಶ ವೃತ್ತವೂ ಸಮಭಾಜಕಕ್ಕಿಂತ ಅಷ್ಟೇ ಪಾಲು ಚಿಕ್ಕದಾ?"

ಇಲ್ಲ, ನೂರಕ್ಕೆ ಮೂರೂವರೆಯಷ್ಟು ಮಾತ್ರ ಚಿಕ್ಕದು. ಭೂಮಿಯ ಅಕ್ಷದಿಂದ ನಾವಿರುವ ದೂರವೇ ಆ ವೃತ್ತದ ತ್ರಿಜ್ಯ. ಸಮಭಾಜಕದ ಹತ್ತಿರ ಗೋಳದ ಮೈ ಅಕ್ಷಕ್ಕೆ ಹೆಚ್ಚುಕಮ್ಮಿ ಸಮಾನಾಂತರ ಇರುತ್ತದೆ, ಅದಕ್ಕೇ ಈ ದೂರ ಮೊದಮೊದಲು ನಿಧಾನ ಇಳಿಯುತ್ತದೆ. ಸಮಭಾಜಕದ ಸುತ್ತಳತೆಯನ್ನು ಅಕ್ಷಾಂಶದ cos ಇಂದ ಗುಣಿಸಿ:

40,075 × cos 15.36° ≈ 38,640 ಕಿ.ಮೀ.

ಅರ್ಧಕ್ಕೆ ಇಳಿಯೋದು 60 ಡಿಗ್ರಿಯಲ್ಲಿ, 45ರಲ್ಲಲ್ಲ. 30 ಸೆಂ.ಮೀ. ಅಗಲದ ಗ್ಲೋಬಿಗೆ ದಾರ ಸುತ್ತಿ ನೋಡಿ: ಸಮಭಾಜಕಕ್ಕೆ ಸುಮಾರು 94 ಸೆಂ.ಮೀ. ಬೇಕು, ಹುಬ್ಬಳ್ಳಿ ಮೇಲೆ ಹಾಯಿಸಿದರೆ 91. ಕ್ಯಾಲ್ಕುಲೇಟರಿನಲ್ಲಿ ಉತ್ತರ ಮೈನಸ್ ಬಂತಾ? ಅದು ರೇಡಿಯನ್‌ನಲ್ಲಿದೆ, ಡಿಗ್ರಿಗೆ ಬದಲಿಸಿ.