ಸ್ವೀಡಿಷ್‌ನಲ್ಲಿ "ಇದಾಗ್" ಅಂದ ಮೇಲೆ ಯಾರು ಮೊದಲು ಬರಬೇಕು?

"ಅಕ್ಕಾ, ಸ್ವೀಡನ್ನಿನ ಯೋತೆಬೊರಿಗೆ ಬಂದು ನಾಲ್ಕು ತಿಂಗಳಾಯಿತು. ವಲಸೆ ಬಂದವರಿಗೆ ಸ್ವೀಡಿಷ್ ಕಲಿಸುವ ಎಸ್‌ಎಫ್‌ಐ ತರಗತಿಗೆ ಹೋಗುತ್ತಿದ್ದೇನೆ. ಮಗನ ಶಿಶುವಿಹಾರಕ್ಕೆ ರಜೆ ತಿಳಿಸಲು ನಾನೇ ಸ್ವೀಡಿಷ್‌ನಲ್ಲಿ ನಾಲ್ಕು ಸಾಲು ಬರೆದು, ಮೊದಲು ನಮ್ಮ ಟೀಚರ್‌ಗೆ ತೋರಿಸಿದೆ. ಪದಗಳೆಲ್ಲ ಸರಿ ಅಂದರು, ಆದರೆ ಪ್ರತಿ ಸಾಲಿನಲ್ಲೂ ಬಾಣ ಹಾಕಿ ಪದ ಅದಲು ಬದಲು ಮಾಡಿದರು. ಯಾಕೆ ಅಂತ ಗೊತ್ತಾಗಲಿಲ್ಲ. ಇವತ್ತು ಮಗನಿಗೆ ಹುಷಾರಿಲ್ಲ, ನಿನ್ನೆ ರಾತ್ರಿ ಜ್ವರ ಇತ್ತು, ಅದಕ್ಕೇ ಬರುವುದಿಲ್ಲ, ಹುಷಾರಾದಾಗ ಫೋನ್ ಮಾಡುತ್ತೇನೆ ಅಂತ ನಾನು ಬರೆದದ್ದು:
ಇದಾಗ್ ಮಿನ್ ಸೋನ್ ಏರ್ ಶೂಕ್.
ಇಗೋರ್ ಕ್ವೆಲ್ ಹನ್ ಹಾದೆ ಫೇಬರ್.
ದ್ಯಾರ್ಫೊರ್ ಹನ್ ಕೊಮ್ಮರ್ ಇನ್ತೆ.
ನ್ಯಾರ್ ಹನ್ ಬ್ಲೀರ್ ಫ್ರಿಸ್ಕ್ ಯಾಗ್ ರಿಂಗರ್."

ನಿಮ್ಮ ನಾಲ್ಕೂ ಸಾಲಿನಲ್ಲಿ ಇರುವುದು ಒಂದೇ ತಪ್ಪು. ನಾನೂ ಬಂದ ಹೊಸದರಲ್ಲಿ ತುಂಬಾ ದಿನ ಇದನ್ನೇ ಮಾಡುತ್ತಿದ್ದೆ. ಕನ್ನಡದಲ್ಲಿ ನಾವು "ಇವತ್ತು", "ನಿನ್ನೆ ರಾತ್ರಿ", "ಅದಕ್ಕೇ" ಅಂತಲೇ ಮಾತು ಶುರು ಮಾಡುತ್ತೇವೆ, ಅಲ್ವಾ? ಆಮೇಲೆ "ನನ್ನ ಮಗ" ಬರುತ್ತಾನೆ, ಕ್ರಿಯಾಪದ ಕೊನೆಗೆ. ಇಂಗ್ಲಿಷ್‌ನಲ್ಲೂ "ಟುಡೇ ಮೈ ಸನ್" ಅಂದರೆ ಸರಿಯೇ. ಹಾಗಾಗಿ ನಮಗೆ ಗೊತ್ತಿರುವ ಎರಡೂ ಭಾಷೆ ಇಲ್ಲಿ ದಾರಿ ತಪ್ಪಿಸುತ್ತವೆ.

ಸ್ವೀಡಿಷ್‌ನ ಮುಖ್ಯ ವಾಕ್ಯದಲ್ಲಿ ಎರಡನೇ ಜಾಗ ಕ್ರಿಯಾಪದಕ್ಕೆ ಮೀಸಲು. ಮೊದಲ ಜಾಗದಲ್ಲಿ ಒಂದೇ ಒಂದು ಸಂಗತಿ ಕೂರಬಹುದು. ನಿಮ್ಮ ಮೊದಲ ಸಾಲಿನ ಕ್ರಿಯಾಪದ "ಏರ್". ಮಗನೇ ಕೂತರೆ "ಮಿನ್ ಸೋನ್ ಏರ್ ಶೂಕ್ ಇದಾಗ್", ಏನೂ ತೊಂದರೆ ಇಲ್ಲ. "ಇದಾಗ್" ಮುಂದೆ ಬಂದು ಕೂತರೆ ಮಗ ಎದ್ದು ಕ್ರಿಯಾಪದದ ಹಿಂದೆ ಹೋಗಬೇಕು: "ಇದಾಗ್ ಏರ್ ಮಿನ್ ಸೋನ್ ಶೂಕ್." ನೀವು ಇವತ್ತನ್ನೂ ಮಗನನ್ನೂ ಇಬ್ಬರನ್ನೂ ಮುಂದೆ ಕೂರಿಸಿದಿರಿ, ಕ್ರಿಯಾಪದ ಮೂರನೆಯದಾಯಿತು.

ಎರಡನೇ ಸಾಲಿನಲ್ಲಿ ಪದ ಎಣಿಸಬೇಡಿ. "ಇಗೋರ್ ಕ್ವೆಲ್" ಎರಡು ಪದವಾದರೂ "ನಿನ್ನೆ ರಾತ್ರಿ" ಅನ್ನುವ ಒಂದೇ ಸಂಗತಿ. ಅದರ ಬೆನ್ನಿಗೇ "ಹಾದೆ": "ಇಗೋರ್ ಕ್ವೆಲ್ ಹಾದೆ ಹನ್ ಫೇಬರ್." ಕ್ರಿಯಾಪದದಲ್ಲಿ ಎರಡು ತುಂಡಿದ್ದರೆ ಕಾಲ ತೋರಿಸುವ ತುಂಡು ಮಾತ್ರ ಮುಂದೆ ಬರುತ್ತದೆ. "ಇವತ್ತು ಅವನು ನಿದ್ದೆ ಮಾಡಿದ್ದಾನೆ" ಅನ್ನಲು "ಇದಾಗ್ ಹಾರ್ ಹನ್ ಸೋವಿತ್". "ಹಾರ್" ಮುಂದೆ, "ಸೋವಿತ್" ಹಿಂದೆಯೇ.

ಮೂರನೆಯದರಲ್ಲಿ "ಇನ್ತೆ" ಇದೆ, ನಮ್ಮ "ಇಲ್ಲ". ಕ್ರಿಯಾಪದ ಮುಂದೆ ಹೋದರೆ ಇದೂ ಜೊತೆಗೆ ಓಡಬೇಕು ಅಂತ ಅನಿಸುತ್ತದೆ. ಬೇಡ, "ಹನ್" ಆದ ಮೇಲೆಯೇ ಇರಲಿ: "ದ್ಯಾರ್ಫೊರ್ ಕೊಮ್ಮರ್ ಹನ್ ಇನ್ತೆ."

ಕಷ್ಟ ಇರುವುದು ನಾಲ್ಕನೆಯದರಲ್ಲಿ. "ನ್ಯಾರ್ ಹನ್ ಬ್ಲೀರ್ ಫ್ರಿಸ್ಕ್", ಅಂದರೆ "ಅವನು ಹುಷಾರಾದಾಗ", ಇಷ್ಟೂ ಸೇರಿ ಮೊದಲ ಜಾಗದಲ್ಲಿ ಕೂತಿದೆ. ಅನುಮಾನ ಬಂದರೆ ಆ ಇಡೀ ತುಂಡನ್ನು ತೆಗೆದು "ದೋ", ಅಂದರೆ "ಆಗ", ಅಂತ ಒಂದೇ ಪದ ಇಟ್ಟು ನೋಡಿ. "ದೋ ರಿಂಗರ್ ಯಾಗ್." ಹಾಗಾದರೆ "ನ್ಯಾರ್ ಹನ್ ಬ್ಲೀರ್ ಫ್ರಿಸ್ಕ್ ರಿಂಗರ್ ಯಾಗ್." ಎರಡು ಕ್ರಿಯಾಪದ ಹತ್ತಿರ ಹತ್ತಿರ ಬಂದದ್ದು ಕಿವಿಗೆ ವಿಚಿತ್ರ ಅನಿಸಿದರೂ ಅದೇ ಸರಿ. ಆದರೆ ತುಂಡಿನ ಒಳಗೆ ಕೈ ಹಾಕಬೇಡಿ. ಈ ನಿಯಮ ಮುಖ್ಯ ವಾಕ್ಯಕ್ಕೆ ಮಾತ್ರ. ಒಳಗೂ ತಿರುಗಿಸಿ "ನ್ಯಾರ್ ಬ್ಲೀರ್ ಹನ್ ಫ್ರಿಸ್ಕ್" ಅಂದರೆ "ಅವನು ಯಾವಾಗ ಹುಷಾರಾಗುತ್ತಾನೆ?" ಅಂತ ನೀವೇ ಕೇಳಿದಂತೆ.

ನಿಯಮ ಕಲಿತ ಮೇಲೆ ಇನ್ನೊಂದು ತಪ್ಪು ಶುರುವಾಗುತ್ತದೆ. "ಮೆನ್" (ಆದರೆ), "ಒಕ್" (ಮತ್ತು) ಇವು ಕೊಂಡಿಗಳು, ಜಾಗ ಹಿಡಿಯುವುದಿಲ್ಲ. "ಆದರೆ ಸ್ವಲ್ಪ ತಿನ್ನುತ್ತಿದ್ದಾನೆ" ಅನ್ನಲು "ಮೆನ್ ಹನ್ ಏತರ್ ಲೀತೆ" ಅಂತ ಸುಮ್ನೆ ನೇರವಾಗಿ ಬರೆಯಿರಿ. "ಮೆನ್ ಏತರ್ ಹನ್ ಲೀತೆ" ಅಂದರೆ ಓದುವವರಿಗೆ "ಆದರೆ ಅವನು ಸ್ವಲ್ಪ ತಿನ್ನುತ್ತಾನಾ?" ಅಂತ ಕೇಳಿಸುತ್ತದೆ. ಕ್ರಿಯಾಪದ ಮೊದಲ ಜಾಗಕ್ಕೆ ಬಂದರೆ ಅಲ್ಲಿ ಪ್ರಶ್ನೆಯಾಗುತ್ತದೆ. ನಾನು ಇದರಲ್ಲಿ ಜಾಸ್ತಿ ಎಡವಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಇನ್ನು ಶಿಶುವಿಹಾರದವರು "ಕನ್ಶೆ ಹನ್ ಕೊಮ್ಮರ್" ಅನ್ನುವುದು ನಿಮ್ಮ ಕಿವಿಗೆ ಬಿದ್ದರೆ ಗಾಬರಿಯಾಗಬೇಡಿ, ಅದು ತಪ್ಪಲ್ಲ. "ಕನ್ಶೆ" ಅಂದರೆ "ಬಹುಶಃ", ಆದರೆ ಆ ಪದ ಹುಟ್ಟಿದ್ದು "ಕಾನ್" ಮತ್ತು "ಶೇ" ಸೇರಿ, "ಆಗಬಹುದು" ಅಂತ. ಅದರೊಳಗೇ ಒಂದು ಹಳೆಯ ಕ್ರಿಯಾಪದ ಇದೆ. ಹಾಗಾಗಿ "ಕನ್ಶೆ ಕೊಮ್ಮರ್ ಹನ್" ಅಂದರೂ ನಡೆಯುತ್ತದೆ, "ಕನ್ಶೆ ಹನ್ ಕೊಮ್ಮರ್" ಅಂದರೂ ನಡೆಯುತ್ತದೆ. ಇದನ್ನು ನೋಡಿ "ಇದಾಗ್", "ದ್ಯಾರ್ಫೊರ್"ಗಳಿಗೆ ಆ ರಿಯಾಯಿತಿ ಕೊಡಬೇಡಿ.

ನಾಳೆ ಕಳಿಸುವುದು ಹೀಗಿರಲಿ:
ಇದಾಗ್ ಏರ್ ಮಿನ್ ಸೋನ್ ಶೂಕ್. ಇಗೋರ್ ಕ್ವೆಲ್ ಹಾದೆ ಹನ್ ಫೇಬರ್. ದ್ಯಾರ್ಫೊರ್ ಕೊಮ್ಮರ್ ಹನ್ ಇನ್ತೆ. ನ್ಯಾರ್ ಹನ್ ಬ್ಲೀರ್ ಫ್ರಿಸ್ಕ್ ರಿಂಗರ್ ಯಾಗ್.